ಕಿಂಡಿಯ ಆಚೆಯಿಂದ ಬರುವ ‘ಇಲ್ಲ’: ಎಪಿಐ ಅಂದರೇನು?

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹ ರೂಪ)



ಎಪಿಐ ಅಂದರೇನು ಅಂತ ಹೇಳಬೇಕು ಎಂದು ಸಂಘದ ಹುಡುಗರು ಕೇಳಿದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, “ಆರ್‌ಪಿಐ ಗೊತ್ತು ಕಣಪ್ಪ, ಬಾಬಾಸಾಹೇಬರು ಕನಸು ಕಂಡ ಪಾರ್ಟಿ. ಎಪಿ ಗೊತ್ತು, ನಾವಿರೋ ರಾಜ್ಯ. ಇದ್ಯಾವುದು ಎಪಿಐ?” ಅಂದರು. ಪೂರ್ತಿ ಹೆಸರು ಅಪ್ಲಿಕೇಷನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್. ಹೆಸರು ಬಿಡಿಸಿ ಹೇಳಿದರೆ ಏನೂ ತಿಳಿಯೋದಿಲ್ಲ, ಅದಕ್ಕೆ ಹೆಸರನ್ನು ಇಲ್ಲೇ ಬಿಟ್ಟು ರೈಲ್ವೆ ಸ್ಟೇಷನ್ನಿಗೆ ಹೋಗೋಣ.

ಹಿಂದೂಪುರ ಸ್ಟೇಷನ್ನಿನ ರಿಸರ್ವೇಷನ್ ಕೌಂಟರ್ ಎದುರು ನಿಂತಿದ್ದೀರಿ ಅಂದುಕೊಳ್ಳಿ. ಕಲ್ಯಾಣದುರ್ಗದವರು ಅನಂತಪುರದ ಕೌಂಟರ್ ನೆನೆಸಿಕೊಳ್ಳಿ, ಎಲ್ಲ ಕಡೆ ಒಂದೇ. ಗಾಜು, ಗಾಜಿನ ಕೆಳಗೆ ಕೈ ತೂರುವಷ್ಟು ಕಿಂಡಿ, ಆಚೆ ಒಬ್ಬ ಗುಮಾಸ್ತ. ಕಿಂಡಿಯಲ್ಲಿ ನೀವು ಒಂದು ಚೀಟಿ ಕೊಡಬೇಕು. ಚೀಟಿಯಲ್ಲಿ ಮನೆಗಳಿವೆ: ರೈಲಿನ ನಂಬರು, ತಾರೀಕು, ಎಲ್ಲಿಂದ, ಎಲ್ಲಿಗೆ, ಯಾವ ಕ್ಲಾಸು, ಎಷ್ಟು ಜನ, ಹೆಸರು, ವಯಸ್ಸು. ಅಷ್ಟು ತುಂಬಿ ಒಳಗೆ ತೂರಿಸಿದರೆ ಆಚೆಯಿಂದ ಟಿಕೆಟ್ ಬರುತ್ತದೆ, ಇಲ್ಲವೇ ಒಂದು ಮಾತು ಬರುತ್ತದೆ: “ಈ ತಾರೀಕಿಗೆ ಸೀಟಿಲ್ಲ.”

ಗಾಜಿನ ಆಚೆ ಏನಿದೆ ಅಂತ ನಿಮಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಾಳೆ ಆ ಕಂಪ್ಯೂಟರ್ ತೆಗೆದು ಬೇರೆ ಇಡಲಿ, ಗುಮಾಸ್ತ ಬದಲಾಗಲಿ, ನಿಮ್ಮ ಚೀಟಿ ಅದೇ. ಹಾಗೆಯೇ ನೀವು ಮದುವೆಗೆ ಹೊರಟಿದ್ದೀರೋ ಆಸ್ಪತ್ರೆಗೋ ಎನ್ನುವುದು ಗುಮಾಸ್ತನಿಗೆ ಬೇಡ. ಚೀಟಿಯಲ್ಲಿ ಆ ಮನೆ ಇಲ್ಲ, ಅವನು ಕೇಳೋದಿಲ್ಲ. ಬಿಳಿ ಹಾಳೆಯಲ್ಲಿ “ನಾನು ಮುಂದಿನ ವಾರ ಗುಂತಕಲ್ಲಿಗೆ ಹೋಗಬೇಕು, ದಯವಿಟ್ಟು ಸಹಾಯ ಮಾಡಿ” ಅಂತ ಎಷ್ಟು ಚೆಂದಾಗಿ ಬರೆದು ಕೊಟ್ಟರೂ ವಾಪಸ್ ತಳ್ಳುತ್ತಾನೆ. ಮನೆ ತುಂಬಿದ ಚೀಟಿಯೇ ಬೇಕು.

ಎಪಿಐ ಅಂದರೆ ಇದೇ. ಒಂದು ಕಂಪ್ಯೂಟರು ಇನ್ನೊಂದು ಕಂಪ್ಯೂಟರಿನ ಕಿಂಡಿಗೆ ಹೋಗಿ ಚೀಟಿ ಕೊಟ್ಟು ಉತ್ತರ ತರುವ ಕಟ್ಟಳೆ. ಚೀಟಿಯಲ್ಲಿ ಯಾವ ಮನೆಗಳಿರಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂದು ಮೊದಲೇ ಬರೆದಿಟ್ಟ ಒಪ್ಪಂದ. ಚೀಟಿಗೆ ರಿಕ್ವೆಸ್ಟ್ ಅಂತಾರೆ, ಉತ್ತರಕ್ಕೆ ರೆಸ್ಪಾನ್ಸ್ ಅಂತಾರೆ. ಕಾಲೇಜಿನಲ್ಲಿ ಓದುವ ತಮ್ಮ ತಂಗಿಯರು ಆ ಎರಡು ಮಾತು ನೆನಪಿಟ್ಟುಕೊಂಡರೆ ಸಾಕು.

ಕಿಂಡಿ ಅಂದ ಕೂಡಲೇ ನಮ್ಮ ಹಿರಿಯರಿಗೆ ಇನ್ನೊಂದು ಕಿಂಡಿ ನೆನಪಾಗುತ್ತದೆ, ನನಗೆ ಗೊತ್ತು. ಹೋಟೆಲಿನ ಹೊರಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಟೀ ಸುರಿಯುತ್ತಿದ್ದ ಕಿಂಡಿ. ಆ ಕಿಂಡಿಗೆ ಚೀಟಿ ಬೇಕಿರಲಿಲ್ಲ, ಯಾರ ಮಗ ಅಂತ ಗೊತ್ತಾದರೆ ಸಾಕಿತ್ತು. ರೈಲ್ವೆ ಕಿಂಡಿಗೆ ಚೀಟಿ ಮಾತ್ರ ಬೇಕು. ಅಷ್ಟರ ಮಟ್ಟಿಗೆ ಅದು ವಾಸಿ. ಆದರೆ ಚೀಟಿ ಮಾತ್ರ ನೋಡುವ ಕಿಂಡಿ “ಇಲ್ಲ” ಅಂದಾಗ ಆ ‘ಇಲ್ಲ’ದ ಅರ್ಥ ಏನು ಎನ್ನುವುದು ನಮ್ಮ ಕಾಲೊನಿಗಳಲ್ಲಿ ಅನ್ನದ ಪ್ರಶ್ನೆ. ಈ ಮಾತು ಎತ್ತಿಕೊಂಡಿದ್ದೇ ಅದಕ್ಕಾಗಿ.

ರೇಷನ್ ಅಂಗಡಿಯ ಮಿಷನ್ ಎಲ್ಲರೂ ನೋಡಿದ್ದೀರಿ, ಈ-ಪಾಸ್ ಅಂತಾರೆ. ಡೀಲರ್ ಕಾರ್ಡಿನ ನಂಬರು ಒತ್ತುತ್ತಾನೆ, ಮನೆಯವರ ಹೆಸರು ಬರುತ್ತದೆ, ಒಬ್ಬರ ಹೆಸರು ಆರಿಸುತ್ತಾನೆ, “ಬೆರಳಿಡವ್ವ” ಅಂತಾನೆ. ಬೆರಳಿಟ್ಟ ಮೇಲೆ ಒಂದು ಬೀಪ್. ಒಂದೋ ಅಕ್ಕಿ, ಇಲ್ಲವೇ “ಪಡಲೇದು, ಮತ್ತೆ ಇಡು.” ಆ ಬೀಪಿನ ಮೊದಲಿನ ಕೆಲವು ಸೆಕೆಂಡುಗಳಲ್ಲಿ ಚೀಟಿ ಬಹಳ ದೂರ ಹೋಗಿ ಬಂದಿರುತ್ತದೆ.

ಏನಾಗುತ್ತದೆ ನೋಡಿ. ಬೆರಳಿನ ಗೆರೆಗಳನ್ನು ಗಾಜು ಓದುತ್ತದೆ. ಓದಿದ್ದನ್ನು ಆ ಸಾಧನವೇ ಗುಪ್ತಲಿಪಿಗೆ ತಿರುಗಿಸಿ ಮುಚ್ಚುತ್ತದೆ, ದಾರಿಯಲ್ಲಿ ಯಾರೂ ತೆರೆದು ಓದದ ಹಾಗೆ. ಮುಚ್ಚಿದ ಆ ಲಕೋಟೆ, ಜೊತೆಗೆ ನಿಮ್ಮ ಆಧಾರ್ ನಂಬರು, ಎರಡೂ ಸೇರಿದ ಚೀಟಿ ಮಿಷನ್ನಿನ ಸಿಮ್ ಕಾರ್ಡಿನ ಮೂಲಕ ರಾಜ್ಯದ ಸರ್ವರಿಗೆ ಹೋಗುತ್ತದೆ. ಆಧಾರ್ ಸಂಸ್ಥೆಯ ಕಿಂಡಿಗೆ ಯಾರು ಬೇಕಾದರೂ ಹೋಗಿ ನಿಲ್ಲುವ ಹಾಗಿಲ್ಲ. ಲೈಸೆನ್ಸ್ ಇರುವ ಸಂಸ್ಥೆಗಳು ಮಾತ್ರ ಹೋಗಬಹುದು, ಅವರ ಲೈಸೆನ್ಸ್ ನಂಬರಿಗೂ ಚೀಟಿಯಲ್ಲಿ ಒಂದು ಮನೆ ಇದೆ. ಆ ಸಂಸ್ಥೆಗಳ ಕೈ ದಾಟಿ ಚೀಟಿ ಆಧಾರಿನ ಕಿಂಡಿ ಮುಟ್ಟುತ್ತದೆ. ಅಲ್ಲಿ ನಿಮ್ಮ ನಂಬರಿನ ಎದುರು ಇಟ್ಟಿರುವ ಬೆರಳಿನ ಗುರುತಿಗೂ ಈಗ ಬಂದ ಗುರುತಿಗೂ ಹೋಲಿಸಿ ನೋಡುತ್ತಾರೆ. ಉತ್ತರ ಬಂದ ದಾರಿಯಲ್ಲೇ ವಾಪಸ್.

ಉತ್ತರ ಎಷ್ಟು ಉದ್ದ ಇರಬಹುದು? ಬೇಡವಾದ್ದನ್ನು ತೆಗೆದು ತೋರಿಸಿದರೆ ಹೀಗಿರುತ್ತದೆ:

```
<AuthRes ret="n" err="300" ... />
```

`ret` ಅಂದರೆ ಉತ್ತರ. ಅದು `y` ಇರುತ್ತದೆ, ಇಲ್ಲವೇ `n`. ಹೌದು, ಇಲ್ಲ, ಅಷ್ಟೇ. ಇಲ್ಲ ಅಂದಾಗ `err` ಎನ್ನುವ ಮನೆಯಲ್ಲಿ ಒಂದು ಅಂಕಿ. ಈ ಅಂಕಿಗಳ ಪಟ್ಟಿ ಗುಟ್ಟಿನದಲ್ಲ, ಆಧಾರ್ ಸಂಸ್ಥೆಯೇ ತನ್ನ ಎಪಿಐ ಪುಸ್ತಕದಲ್ಲಿ ಅಚ್ಚು ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ.

ಇಲ್ಲೇ ನಾನು ಸ್ವಲ್ಪ ನಿಲ್ಲುತ್ತೇನೆ. ಕಿಂಡಿಗೆ ಕೇಳಿದ ಪ್ರಶ್ನೆ ಯಾವುದು? “ಈ ಬೆರಳು ಈ ನಂಬರಿನವರದ್ದೇನಾ?” ಅಷ್ಟೇ. “ಈ ಅಜ್ಜಿಗೆ ಅಕ್ಕಿ ಸಿಗಬೇಕಾ?” ಅಂತ ಆ ಕಿಂಡಿಯನ್ನು ಯಾರೂ ಕೇಳಿಲ್ಲ. ಆಧಾರಿಗೆ ನಿಮ್ಮ ರೇಷನ್ ಕಾರ್ಡ್ ಯಾವುದು, ಮನೆಯಲ್ಲಿ ಎಷ್ಟು ಜನ, ಎಷ್ಟು ಕೆಜಿ, ಯಾವುದೂ ಗೊತ್ತಿಲ್ಲ. ಅದಕ್ಕೆ ಬೇರೆ ಕಿಂಡಿ ಇದೆ, ರಾಜ್ಯದ ಆಹಾರ ಇಲಾಖೆಯ ಸರ್ವರ್. ಕಾರ್ಡ್ ಚಾಲ್ತಿಯಲ್ಲಿದೆಯಾ, ಈ ತಿಂಗಳದ್ದು ಆಗಲೇ ತಗೊಂಡಾಯಿತಾ, ಹೆಸರು ಪಟ್ಟಿಯಲ್ಲಿದೆಯಾ ಎನ್ನುವುದಕ್ಕೆಲ್ಲ ಅದು ಉತ್ತರ ಕೊಡುತ್ತದೆ. ಸ್ಟೇಷನ್ನಿನಲ್ಲಿ ವಿಚಾರಣೆ ಕೌಂಟರ್ ಬೇರೆ, ಟಿಕೆಟ್ ಕೌಂಟರ್ ಬೇರೆ ಇದ್ದ ಹಾಗೆ. ವಿಚಾರಣೆಯವನು “ರೈಲು ಲೇಟು” ಅಂದರೆ ನಿಮ್ಮ ಟಿಕೆಟ್ ರದ್ದಾಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರಾ? ಆದರೆ ರೇಷನ್ ಅಂಗಡಿಯಲ್ಲಿ ಎರಡೂ ಕಿಂಡಿಯ ಉತ್ತರ ಒಂದೇ ಪರದೆಯ ಮೇಲೆ, ಒಬ್ಬನೇ ಡೀಲರ್ ಬಾಯಲ್ಲಿ ಬರುತ್ತದೆ. ನಮ್ಮವರು ಬೆರಳು ಹೊಂದಲಿಲ್ಲ ಎನ್ನುವ ಮಾತನ್ನೇ ಹೆಸರು ತೆಗೆದುಹಾಕಿದ್ದಾರೆ ಅಂತ ತಿಳಿದು ಬರಿಗೈಯಲ್ಲಿ ಮನೆಗೆ ಬಂದುಬಿಡುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಿಂದೂಪುರದ ಹುಣಸೆ ಮಂಡಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಹುಣಸೆ ಬಿಡಿಸಿದ ಒಬ್ಬ ಅವ್ವ ಅಂದುಕೊಳ್ಳಿ. ಬೆರಳ ತುದಿ ಸವೆದಿದೆ, ಹುಳಿಗೆ ಚರ್ಮ ಬಿರಿದಿದೆ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಸುಲಿಯುವವರ ಕೈಯೂ ಹಾಗೇ, ಬಿಸಿನೀರಲ್ಲಿ ಕೈ ಅದ್ದಿ ರೇಷ್ಮೆಗೂಡು ಬಿಚ್ಚುವವರದ್ದೂ ಹಾಗೇ, ಸಿಮೆಂಟು ಕಲಸಲು ಬೆಂಗಳೂರಿಗೆ ಹೋಗುವವರದ್ದಂತೂ ಕೇಳಲೇಬೇಡಿ. ಕಷ್ಟದ ಕೆಲಸ ಮಾಡಿದ ಕೈಯನ್ನೇ ಈ ಮಿಷನ್ನು ಹೆಚ್ಚಾಗಿ ಗುರುತಿಸದೆ ಇರುವುದು. ಮೆತ್ತನೆ ಕೈಯವರಿಗೆ ಇದರ ಕಷ್ಟ ಅಷ್ಟು ಗೊತ್ತಾಗುವುದಿಲ್ಲ.

ಅವ್ವ ಹೆಬ್ಬೆಟ್ಟು ಇಟ್ಟರು, ಇಲ್ಲ. ಇನ್ನೊಮ್ಮೆ ಇಟ್ಟರು, ಇಲ್ಲ. ಪರದೆಯ ಮೇಲೆ 300, ಅಥವಾ ಬಯೋಮೆಟ್ರಿಕ್ ಹೊಂದಲಿಲ್ಲ ಎನ್ನುವ ಸಾಲು. ಕೆಲವು ಮಿಷನ್ನು ಅಂಕಿ ತೋರಿಸುತ್ತವೆ, ಕೆಲವು ಮಾತು ತೋರಿಸುತ್ತವೆ. ಈ 300ರಲ್ಲಿ ಎಷ್ಟು ವಿಷಯ ಅಡಗಿದೆ ನೋಡಿ. ಮಿಷನ್ನಿಗೆ ನೆಟ್‌ವರ್ಕ್ ಇತ್ತು, ಇಲ್ಲದಿದ್ದರೆ ಚೀಟಿ ಆಧಾರ್ ಕಿಂಡಿ ಮುಟ್ಟುತ್ತಲೇ ಇರಲಿಲ್ಲ. ಅವ್ವನ ಆಧಾರ್ ನಂಬರು ಜೀವಂತ ಇದೆ, ರದ್ದಾಗಿದ್ದರೆ ಬೇರೆ ಅಂಕಿ ಬರುತ್ತಿತ್ತು. ಅವರ ಬೆರಳಿನ ಗುರುತೂ ಅಲ್ಲಿ ಇದೆ, ಇಲ್ಲದಿದ್ದರೂ ಬೇರೆ ಅಂಕಿ. ಇವತ್ತು ಇಟ್ಟ ಈ ಬೆರಳು ಅಲ್ಲಿರುವ ಗುರುತಿಗೆ ಸಾಕಷ್ಟು ಹೊಂದಲಿಲ್ಲ, ಅಷ್ಟೇ. ‘ಸಾಕಷ್ಟು’ ಅಂದಿದ್ದು ಯಾಕೆಂದರೆ ಬೆರಳಿನ ಹೋಲಿಕೆ ಲೆಕ್ಕದ ಹಾಗೆ ಸರಿ-ತಪ್ಪು ಅಲ್ಲ. ಎಷ್ಟು ಹೋಲುತ್ತದೆ ಎಂದು ಅಂಕ ಕೊಟ್ಟು, ಒಂದು ಗಡಿ ದಾಟಿದರೆ ಹೌದು, ದಾಟದಿದ್ದರೆ ಇಲ್ಲ. ಪರೀಕ್ಷೆಯಲ್ಲಿ ಪಾಸು ಮಾರ್ಕು ಇದ್ದ ಹಾಗೆ.

ಆದ್ದರಿಂದ 300 ಬಂದರೆ ಮಾಡಬೇಕಾದ್ದು ಬೆರಳಿನ ಕೆಲಸ. ಕೈ ತೊಳೆದು ಒರೆಸಿ, ಮಿಷನ್ನಿನ ಗಾಜನ್ನೂ ಒರೆಸಿ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ. ಆಧಾರ್ ಮಾಡಿಸುವಾಗ ಹತ್ತೂ ಬೆರಳು, ಎರಡೂ ಕಣ್ಣು ತಗೊಂಡಿದ್ದಾರೆ. ಹುಣಸೆ ಬಿಡಿಸುವವರಿಗೆ ಹೆಬ್ಬೆಟ್ಟು, ತೋರುಬೆರಳು ಸವೆದಿರುತ್ತವೆ, ಎಡಗೈ ಉಂಗುರದ ಬೆರಳು ಚೆನ್ನಾಗಿರಬಹುದು. ಅದನ್ನು ಇಡಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಬಂದು ಬೆರಳಿಟ್ಟರೂ ಆಗುತ್ತದೆ. ಕಣ್ಣು ಓದುವ ಸಾಧನ ಇದ್ದರೆ ಅದೂ ಆಗುತ್ತದೆ. ತಿಂಗಳು ತಿಂಗಳೂ ಇದೇ ಗೋಳಾದರೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಿನ ಗುರುತು ಹೊಸದಾಗಿ ಕೊಡಬೇಕು.

ಅದೇ ಜಾಗದಲ್ಲಿ 811 ಬಂದಿತು ಅನ್ನಿ. ಎಷ್ಟು ಬೆರಳು ಒರೆಸಿದರೂ ಪ್ರಯೋಜನವಿಲ್ಲ, ಯಾಕೆಂದರೆ ಹೋಲಿಸಲು ಆ ಕಡೆ ಗುರುತೇ ಇಲ್ಲ ಎಂದು ಅದರ ಅರ್ಥ. ಇದು ಮಕ್ಕಳಿಗೆ ಬರುವಂಥದ್ದು. ಐದು ವರ್ಷದೊಳಗೆ ಆಧಾರ್ ಮಾಡಿಸಿದ ಮಗುವಿನ ಬೆರಳು ತಗೊಂಡಿರುವುದಿಲ್ಲ, ಐದು ತುಂಬಿದ ಮೇಲೆ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಹೋಗಿ ಕೊಡಬೇಕು. 330 ಬಂದರೆ ಆಧಾರಿನ ಬೆರಳಿಗೆ ಬೀಗ ಹಾಕಿದೆ ಎಂದರ್ಥ. ಬೆರಳಿನಿಂದ ದುಡ್ಡು ಹೊಡೆಯುವವರ ಭಯಕ್ಕೆ ಮಗನೋ ಮಗಳೋ ಫೋನಿನಲ್ಲಿ ಲಾಕ್ ಮಾಡಿರುತ್ತಾರೆ, ಅವ್ವನಿಗೆ ಹೇಳಿರುವುದಿಲ್ಲ. ಬೀಗ ಹಾಕುವುದು ಒಳ್ಳೆಯದೇ, ಆದರೆ ರೇಷನ್ ದಿನ ತೆಗೆಯಬೇಕು. 997 ಬಂದರೆ ಮಾತ್ರ ಆಧಾರ್ ನಂಬರೇ ಅಮಾನತಾಗಿದೆ ಅಂತ. ಅದು ಬೆರಳಿನ ಮಾತಲ್ಲ, ಆಧಾರ್ ಕೇಂದ್ರದ ಕೆಲಸ, 1947 ನಂಬರಿಗೆ ಫೋನ್ ಮಾಡಿ ಕೇಳಬಹುದು. ಇನ್ನು 561 ಎನ್ನುವುದೊಂದಿದೆ, ಚೀಟಿ ಹಳೆಯದಾಯಿತು ಎಂದು ಅದರ ಅರ್ಥ. ಬೆರಳಿಟ್ಟ ಹೊತ್ತು ಚೀಟಿಯಲ್ಲಿ ಬರೆದಿರುತ್ತದೆ, ಮಿಷನ್ನಿನ ಗಡಿಯಾರ ತಪ್ಪಿದ್ದರೆ ಆಚೆಯವರು ಒಪ್ಪುವುದಿಲ್ಲ. ಅದರಲ್ಲಿ ಬೆರಳಿನದ್ದಾಗಲಿ ಆಧಾರಿನದ್ದಾಗಲಿ ತಪ್ಪಿಲ್ಲ.

ಇಷ್ಟನ್ನೂ ಬಾಯಿಪಾಠ ಮಾಡಿ ಅಂತ ಹೇಳುತ್ತಿಲ್ಲ. ಡೀಲರ್ “ಆಗಲ್ಲ” ಅಂದಾಗ, “ಅಣ್ಣ, ಎಷ್ಟು ನಂಬರ್ ಬಂತು? ಒಂಚೂರು ತೋರಿಸು” ಅಂತ ಒಂದು ಮಾತು ಕೇಳಿ. ಆ ಒಂದು ಮಾತಿಗೆ ಡೀಲರ್ ಕೂಡ ಬೇಜಾರು ಮಾಡಿಕೊಳ್ಳಬೇಕಿಲ್ಲ. ತುಂಬಾ ಸಲ ಅವನಿಗೂ ಬೈಗುಳ ತಿನ್ನುವುದು ತಪ್ಪುತ್ತದೆ.

“ಸರ್ವರ್ ಲೇದು” ಎನ್ನುವ ಮಾತು ಇದ್ಯಾವುದಕ್ಕೂ ಸೇರುವುದಿಲ್ಲ. ಇಲ್ಲ ಎನ್ನುವ ಉತ್ತರ ಬೇರೆ, ಉತ್ತರವೇ ಬಾರದಿರುವುದು ಬೇರೆ. ಕೌಂಟರಿನವನು “ಸೀಟಿಲ್ಲ” ಅನ್ನುವುದಕ್ಕೂ ಕೌಂಟರಿನ ಬಾಗಿಲು ಹಾಕಿರುವುದಕ್ಕೂ ಇರುವ ವ್ಯತ್ಯಾಸ. ಬಾಗಿಲು ಹಾಕಿದ್ದರೆ ನಿಮ್ಮ ಚೀಟಿಯನ್ನು ಯಾರೂ ಓದಿಯೇ ಇಲ್ಲ. ನಿಮ್ಮ ಬಗ್ಗೆ ಯಾವ ತೀರ್ಮಾನವೂ ಆಗಿಲ್ಲ. ಗುಡ್ಡದ ಸಂದಿನ ಊರುಗಳಲ್ಲಿ ಸಿಗ್ನಲ್ ಸಿಗದೆ ಹೀಗಾಗುವುದು ನಿಜ. ಆದರೆ ಉತ್ತರ ಬಂದ ಮೇಲೂ ಬಾಗಿಲು ಹಾಕಿತ್ತು ಅಂತ ಹೇಳುವವರು ಇದ್ದರೆ? ಬೆರಳು ಹೊಂದಿಕೊಂಡಿದ್ದರೂ “ಸರ್ವರ್ ಲೇದು, ನಾಳೆ ಬಾ” ಅಂದರೆ? ನಾವು ತಿಳಿಯುವುದು ಹೇಗೆ?

ತಿಳಿಯಬಹುದು. ಕಿಂಡಿಗೆ ಬಂದ ಪ್ರತಿ ಚೀಟಿಯನ್ನೂ ಆಧಾರಿನವರು ಬರೆದಿಡುತ್ತಾರೆ, ಅದನ್ನು ನಾವು ನೋಡಬಹುದು. ಫೋನಿನಲ್ಲಿ `myaadhaar.uidai.gov.in` ತೆರೆದು ಆಧಾರ್ ನಂಬರು ಹಾಕಿ, ಆಧಾರಿಗೆ ಜೋಡಿಸಿದ ಫೋನಿಗೆ ಬರುವ ಓಟಿಪಿ ಕೊಟ್ಟು ಒಳಗೆ ಹೋಗಿ. `Authentication History` ಅಂತ ಇರುತ್ತದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ನಂಬರಿನ ಮೇಲೆ ಹೋದ ಚೀಟಿಗಳು, 50ರವರೆಗೆ, ಸಾಲಾಗಿ ಕಾಣುತ್ತವೆ. ಯಾವ ದಿನ, ಎಷ್ಟು ಹೊತ್ತಿಗೆ, ಬೆರಳೋ ಓಟಿಪಿಯೋ, ಯಾವ ಸಂಸ್ಥೆ ಕೇಳಿತು, ಉತ್ತರ ಹೌದೋ ಇಲ್ಲವೋ, ಇಲ್ಲ ಅಂದಿದ್ದರೆ ಅದರ ಅಂಕಿ.

ಮತ್ತೆ ಆ ಅವ್ವನ ವಿಷಯಕ್ಕೇ ಬನ್ನಿ. ಮೂರನೇ ತಾರೀಕು ಬೆಳಗ್ಗೆ ಅಂಗಡಿಗೆ ಹೋಗಿ ಮೂರು ಸಲ ಬೆರಳಿಟ್ಟು ಬಂದರು. ಸಂಜೆ ಮೊಮ್ಮಗಳು ಈ ಪಟ್ಟಿ ತೆರೆದಳು. ಅದೇ ಬೆಳಗ್ಗೆ ಮೂರು ಸಾಲು, ಮೂರರಲ್ಲೂ ಇಲ್ಲ, 300 ಎಂದಿದ್ದರೆ ಅಂಗಡಿಯವನು ಹೇಳಿದ್ದು ನಿಜ, ಬೆರಳಿನದೇ ತೊಂದರೆ. ಆ ದಿನದ ಸಾಲೇ ಇಲ್ಲದಿದ್ದರೆ ಚೀಟಿ ಕಿಂಡಿ ಮುಟ್ಟಿಲ್ಲ, ನೆಟ್‌ವರ್ಕ್ ಮಾತು ನಿಜವಿರಬಹುದು. ಎರಡು ಸಾಲು ಇಲ್ಲ, ಮೂರನೆಯದು ಹೌದು ಎಂದಿದ್ದರೆ? ಆಗ ಕೂತು ಯೋಚಿಸಬೇಕು. ಆದರೂ ಇಲ್ಲಿ ಆತುರ ಬೇಡ. ಹೌದು ಎನ್ನುವ ಸಾಲು ಬೆರಳು ಹೊಂದಿತು ಎಂದು ಮಾತ್ರ ಹೇಳುತ್ತದೆ, ಅಕ್ಕಿ ಕೊಟ್ಟ ಲೆಕ್ಕ ಬರೆದರು ಅಂತ ಹೇಳುವುದಿಲ್ಲ. ಬೆರಳು ಹೊಂದಿದ ಮೇಲೆ ರಾಜ್ಯದ ಸರ್ವರ್ ಕೈಕೊಟ್ಟಿರಲೂಬಹುದು. ಅಕ್ಕಿಯ ಲೆಕ್ಕ ಎರಡನೇ ಕಿಂಡಿಯಲ್ಲಿದೆ, ರೇಷನ್ ಕಾರ್ಡ್ ನಂಬರು ಕೊಟ್ಟು ಈ ತಿಂಗಳು ನಮ್ಮ ಹೆಸರಲ್ಲಿ ಎತ್ತಿದ್ದಾರಾ ಅಂತ ಸಚಿವಾಲಯದಲ್ಲೋ 1967ಕ್ಕೆ ಫೋನ್ ಮಾಡಿಯೋ ಕೇಳಬೇಕು. ಎರಡೂ ಕಡೆ ಹೌದು ಎಂದು ಬಂದು ಮನೆಗೆ ಅಕ್ಕಿ ಬಾರದಿದ್ದರೆ ಆಗ ತಾರೀಕು, ಹೊತ್ತು ಸಮೇತ ತಹಶೀಲ್ದಾರರಿಗೆ ಅರ್ಜಿ ಬರೆಯಬಹುದು. “ನಮಗೆ ಅನ್ಯಾಯ ಆಗಿದೆ” ಅಂತ ಬರೆದ ಅರ್ಜಿಗೂ, “ಮೂರನೇ ತಾರೀಕು 9 ಗಂಟೆ 42 ನಿಮಿಷಕ್ಕೆ ಬೆರಳು ಹೊಂದಿದೆ, ಅಕ್ಕಿ ಕೊಟ್ಟಿಲ್ಲ” ಅಂತ ಬರೆದ ಅರ್ಜಿಗೂ ಕಚೇರಿಯಲ್ಲಿ ಬೇರೆ ಬೇರೆ ಬೆಲೆ. ಎರಡನೆಯದನ್ನು ಫೈಲಿನ ಕೆಳಗೆ ಇಡುವುದು ಕಷ್ಟ.

ಬೆರಳು ಹೊಂದದೇ ಹೋದರೆ ಅಕ್ಕಿ ಇಲ್ಲವೇ ಇಲ್ಲ ಎನ್ನುವುದೂ ಕಾನೂನಲ್ಲ. ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದು ಎಲ್ಲ ರಾಜ್ಯಗಳಿಗೆ ಬರೆದ ಪತ್ರವಿದೆ. ನೆಟ್‌ವರ್ಕ್ ಇಲ್ಲದೆಯೋ ಬೆರಳು ಹೊಂದದೆಯೋ ಮಿಷನ್ ಇಲ್ಲ ಅಂದರೆ ಆ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದು, ಕಾರ್ಡು ನೋಡಿ ಕೊಟ್ಟು ಬೇರೆ ಪುಸ್ತಕದಲ್ಲಿ ಬರೆದಿಡಬೇಕು ಎಂದು ಅದರಲ್ಲಿದೆ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸವಲತ್ತುಗಳಿಗೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು. ಆದರೆ ಬೆರಳು ಹೊಂದಲಿಲ್ಲ ಎಂದು ಅರ್ಹರನ್ನು ವಾಪಸ್ ಕಳಿಸಬಾರದು ಎನ್ನುವ ಮಾತೂ ಆ ತೀರ್ಪಿನಲ್ಲೇ ಇದೆ. ಇದನ್ನು ಬರೆದವರಿಗೂ ಗೊತ್ತಿತ್ತು, ಕಿಂಡಿಯ ‘ಇಲ್ಲ’ ಅಂದರೆ ಬೆರಳಿನ ಇಲ್ಲ, ಹಕ್ಕಿನ ಇಲ್ಲ ಅಲ್ಲ.

ಒಂದೇ ಬೆರಳು ಬೇರೆ ಬೇರೆ ಕಿಂಡಿಗೆ ಹೋಗಬಹುದು ಎನ್ನುವುದನ್ನೂ ಇಲ್ಲಿ ಸೇರಿಸುತ್ತೇನೆ. ರೇಷನ್ ತಗೊಳ್ಳುವಾಗ ಹೋಗುವ ಚೀಟಿಗೆ ಹೌದು, ಇಲ್ಲ ಮಾತ್ರ ಉತ್ತರ. ಈ-ಕೆವೈಸಿ ಎನ್ನುವ ಕಿಂಡಿಗೆ ಹೋದರೆ ನಿಮ್ಮ ಹೆಸರು, ವಿಳಾಸ, ಹುಟ್ಟಿದ ತಾರೀಕು, ಫೋಟೋ ಎಲ್ಲ ಕೇಳಿದವರ ಕೈಗೆ ಬರುತ್ತದೆ, ಸಿಮ್ ಕೊಡುವವರು ಮಾಡುವುದು ಅದನ್ನೇ. ಬ್ಯಾಂಕ್ ಮಿತ್ರರ ಚಿಕ್ಕ ಮಿಷನ್ನಿನ ಕಿಂಡಿಗೆ ಹೋದರೆ ಖಾತೆಯ ದುಡ್ಡೇ ಬರುತ್ತದೆ. ಬೆರಳಿಡುವವರಿಗೆ ಮೂರೂ ಒಂದೇ ಥರ ಕಾಣುತ್ತದೆ, ಅದೇ ಗಾಜು, ಅದೇ ಕೆಂಪು ದೀಪ. ಕಾಲೊನಿಗೆ ಯಾರಾದರೂ ಮಿಷನ್ ಹಿಡಿದು ಬಂದು “ಸ್ಕೀಮ್ ಬಂದಿದೆ, ಬೆರಳಿಡಿ” ಅಂದರೆ ಯಾವ ಕಿಂಡಿಗೆ ಅಂತ ಕೇಳಿದ ಮೇಲೆಯೇ ಬೆರಳಿಡಿ.

ಎಪಿಐ ಒಳ್ಳೆಯದು ಮಾಡಿರುವ ಜಾಗವೂ ಇದೆ, ಅದನ್ನು ಮುಚ್ಚಿಡಬಾರದು. ನಮ್ಮ ಮಿಷನ್ನಿನ ಪರದೆ ತೆಲುಗಿನದು, ಗೌರಿಬಿದನೂರಿನಲ್ಲೋ ಪಾವಗಡದಲ್ಲೋ ಕನ್ನಡದ್ದು. ಮಿಷನ್ ಮಾಡಿದ ಕಂಪನಿ ಬೇರೆ, ಸರ್ಕಾರ ಬೇರೆ. ಆದರೂ 2020ರ ಜನವರಿಯಿಂದ ಆಂಧ್ರ, ಕರ್ನಾಟಕ ಸೇರಿ ಹನ್ನೆರಡು ರಾಜ್ಯಗಳಲ್ಲಿ ಒಂದು ರಾಜ್ಯದ ಕಾರ್ಡಿಗೆ ಇನ್ನೊಂದು ರಾಜ್ಯದ ಅಂಗಡಿಯಲ್ಲಿ ಧಾನ್ಯ ಕೊಡುವ ಏರ್ಪಾಡು ಶುರುವಾಯಿತು, ಆಮೇಲೆ ದೇಶಕ್ಕೆಲ್ಲ ಹರಡಿತು. ಅದು ಸಾಧ್ಯವಾಗಿದ್ದು ಎರಡೂ ಕಡೆಯ ಕಂಪ್ಯೂಟರು ಒಂದೇ ನಮೂನೆಯ ಚೀಟಿಗೆ ಒಪ್ಪಿದ್ದರಿಂದ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುವ ನಮ್ಮವರು ಕೇಂದ್ರದ ಆಹಾರ ಭದ್ರತೆ ಕಾನೂನಿನ ಕಾರ್ಡ್ ಇದ್ದರೆ ಅಲ್ಲೇ ಕೇಳಬಹುದು. ಕೇಂದ್ರದ ಪಾಲು ಸಿಗುತ್ತದೆ, ಆಂಧ್ರ ಸರ್ಕಾರ ತನ್ನ ಲೆಕ್ಕದಲ್ಲಿ ಕೊಡುವ ಬೇರೆ ಸಾಮಾನು ಅಲ್ಲಿ ಸಿಗುವುದಿಲ್ಲ.

ಚೀಟಿಯ ಒಂದು ಮನೆಯ ಬಗ್ಗೆ ಇನ್ನೂ ಹೇಳಿಲ್ಲ. ಆಧಾರಿನ ಚೀಟಿಯಲ್ಲಿ `rc` ಅಂತ ಒಂದು ಮನೆ ಇದೆ. ಬೆರಳಿಡುವವರು ತಿಳಿದು ಒಪ್ಪಿದ್ದಾರೆಯೇ ಎನ್ನುವುದಕ್ಕೆ ಆ ಮನೆ. ಅದರಲ್ಲಿ ಏನು ಬರೆಯಬಹುದು ಅಂತ ಎಪಿಐ ಪುಸ್ತಕ ನೋಡಿದರೆ ಒಂದೇ ಅಕ್ಷರಕ್ಕೆ ಅವಕಾಶ:

```
rc="Y"
```

ಬೇರೆ ಏನು ಬರೆದರೂ ಚೀಟಿ ವಾಪಸ್. ಅದನ್ನು ತುಂಬುವುದು ಮಿಷನ್ನೇ. ನಮ್ಮ ಅವ್ವಂದಿರು ತಿಂಗಳಿಗೊಮ್ಮೆ ಹೂಂ ಅಂತ ಸಹಿ ಹಾಕುತ್ತಿದ್ದಾರೆ, ಅಂಥದ್ದೊಂದು ಮನೆ ಇದೆ ಅಂತಲೇ ಅವರಿಗೆ ಗೊತ್ತಿಲ್ಲ. ಕಂಪ್ಯೂಟರ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ನಾಳೆ ಇಂಥ ಚೀಟಿಗಳನ್ನು ಬರೆಯುವ ಕೆಲಸಕ್ಕೆ ಹೋಗುತ್ತೀರಿ. ಯಾವ ಮನೆ ಇಡಬೇಕು, ಅದರಲ್ಲಿ ಎಷ್ಟು ಉತ್ತರಕ್ಕೆ ಜಾಗ ಬಿಡಬೇಕು ಅಂತ ಕೂತು ಮಾತಾಡುವ ಮೇಜು ಒಂದಿರುತ್ತದೆ. ಆ ಮೇಜಿನ ಬಳಿ ಹುಣಸೆ ಬಿಡಿಸಿದ ಕೈ ಕಂಡವರು ಈವರೆಗೆ ಎಷ್ಟು ಜನ ಕೂತಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಭಾನುವಾರ ಬೆಳಗ್ಗೆ ಸಂಘದ ಕೋಣೆಯಲ್ಲಿ ಇಬ್ಬರು ಹುಡುಗರು ಕೂತು ಈ ಪಟ್ಟಿ ತೆಗೆದು ತೋರಿಸುತ್ತಾರೆ. ಆಧಾರ್ ಕಾರ್ಡು, ರೇಷನ್ ಕಾರ್ಡು, ಆಧಾರಿಗೆ ಜೋಡಿಸಿದ ಫೋನು ತನ್ನಿ. ಫೋನ್ ಜೋಡಿಸದವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಜೋಡಿಸಿಕೊಂಡು ಬನ್ನಿ, ಅದಿಲ್ಲದೆ ಪಟ್ಟಿ ತೆರೆಯುವುದಿಲ್ಲ. ಓಟಿಪಿ ಬಂದಾಗ ಹುಡುಗರಿಗೂ ಹೇಳಬೇಡಿ, ನಿಮ್ಮ ಕೈಯಿಂದಲೇ ಒತ್ತಿ. ಮಂಡಿಗೆ ಹೋಗುವವರಿಗೆ ತಡವಾಗಬಾರದು ಎಂದು ಏಳು ಗಂಟೆಗೇ ಬಾಗಿಲು ತೆಗೆಯಲು ಹೇಳಿದ್ದೇನೆ.